ದೊಡ್ಡೋನು ಗುಡ್ಡೆ ಮಾಡ್ಲಿ, ಚಿಕ್ಕೋನು ಎತ್ಕೊಳ್ಳಲಿ

ಪ್ರಶ್ನೆ: ಅಪ್ಪ, ಚಿಕ್ಕಪ್ಪ ಪ್ರತಿ ವರ್ಷ ಮಾವಿನ ಫಸಲು ಹಂಚಿಕೊಳ್ಳುವಾಗ ಜಗಳ ಆಡ್ತಾರೆ. ತೂಕ ಹಾಕಿ ಅರ್ಧ ಮಾಡಿಕೊಟ್ಟರೂ ಇಬ್ಬರೂ ಒಪ್ಪಲ್ಲ. ಏನಾದರೂ ದಾರಿ ಇದೆಯಾ?

ಇದೆ. ನಮ್ಮ ಅಜ್ಜಿ ತೋರಿಸಿದ ದಾರಿ ಅದು. ನಡೆದದ್ದನ್ನೇ ಹೇಳುತ್ತೇನೆ.

ನಮ್ಮ ತೋಟ ಶ್ರೀನಿವಾಸಪುರದ ಕಡೆ. ತಾತ ಹೋದ ಮೇಲೆ ಜಮೀನು ಭಾಗ ಆಗಿರಲಿಲ್ಲ. ದೊಡ್ಡಪ್ಪ ಊರಲ್ಲಿದ್ದು ತೋಟ ನೋಡಿಕೊಳ್ಳುತ್ತಿದ್ದರು. ಅಪ್ಪ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು. ಗೊಬ್ಬರ, ಔಷಧಿ, ಕೂಲಿ ಎಲ್ಲದರ ಲೆಕ್ಕ ಮೊದಲೇ ಮುಗಿಸಿ, ಉಳಿದ ಹಣ್ಣು ಇಬ್ಬರಿಗೂ ಸಮ ಅಂತ ಮಾತಾಗಿತ್ತು. ಜಗಳ ಶುರುವಾಗುತ್ತಿದ್ದದ್ದು ಆ "ಸಮ" ಅನ್ನುವ ಮಾತಿನಿಂದಲೇ.

ಮೊದಲು ತೂಕ ಹಾಕಿ ನೋಡಿದರು. ಒಂದು ಕ್ರೇಟ್ ಬಾದಾಮಿ, ಒಂದು ಕ್ರೇಟ್ ತೋತಾಪುರಿ ತೂಗಿದರೆ ಒಂದೇ. ಬೆಲೆಯಲ್ಲಿ ಅಜಗಜಾಂತರ. ಆಮೇಲೆ ಪ್ರತಿ ಜಾತಿಯನ್ನೂ ಬೇರೆ ಬೇರೆ ಅರ್ಧ ಮಾಡಿದರು. ಆಗ "ನಿನ್ನ ಕ್ರೇಟಲ್ಲಿ ದಪ್ಪ ಹಣ್ಣು, ನನ್ನದರಲ್ಲಿ ಸೊನೆ ಬಿದ್ದು ಕಪ್ಪಾದದ್ದು" ಅಂತ ಮಾತು ಬೆಳೆಯಿತು. ಒಂದು ವರ್ಷ ಅಣ್ಣ ತಮ್ಮ ಮಾತು ಬಿಟ್ಟೇಬಿಟ್ಟರು.

ಮರುವರ್ಷ ಜೂನ್‌ನಲ್ಲಿ ಅಜ್ಜಿ ಕೊಯ್ಲಿನ ದಿನ ತಾವೇ ತೋಟಕ್ಕೆ ಬಂದು ಕೂತರು. "ದೊಡ್ಡೋನು ಎರಡು ಗುಡ್ಡೆ ಮಾಡ್ಲಿ. ಯಾವುದು ಸಿಕ್ಕಿದ್ರೂ ತನಗೆ ಸರಿ ಅನ್ನೋ ಹಾಗೆ ಮಾಡ್ಲಿ. ಚಿಕ್ಕೋನು ಬೇಕಾದ್ದು ಎತ್ಕೊಳ್ಳಲಿ. ಆಮೇಲೆ ಮಾತಿಲ್ಲ" ಅಂದರು.

ಅವತ್ತು ಇದ್ದದ್ದು 24 ಕ್ರೇಟ್ ಬಾದಾಮಿ, 10 ಕ್ರೇಟ್ ರಸಪುರಿ, 30 ಕ್ರೇಟ್ ತೋತಾಪುರಿ. ದೊಡ್ಡಪ್ಪ ಮಾರುವುದು ಮಂಡಿಯಲ್ಲಿ. ಅವರ ಲೆಕ್ಕದಲ್ಲಿ ಒಂದು ಕ್ರೇಟ್ ಬಾದಾಮಿ ಅಂದರೆ ಮೂರು ಕ್ರೇಟ್ ತೋತಾಪುರಿಗೆ ಸಮ, ಒಂದು ಕ್ರೇಟ್ ರಸಪುರಿ ಎರಡಕ್ಕೆ ಸಮ. ಹಾಗೆ ನೋಡಿದರೆ ಒಟ್ಟು ಮಾಲು 122 ತೋತಾಪುರಿ ಕ್ರೇಟಿನಷ್ಟು ಆಯಿತು. ಅರ್ಧ ಅಂದರೆ 61. ತೋತಾಪುರಿಯನ್ನು ಎರಡು ಟೆಂಪೋದಲ್ಲಿ ಕಳಿಸಿದರೆ ಸುಮ್ನೆ ಬಾಡಿಗೆ ದಂಡ. ಅದಕ್ಕೇ ಅಷ್ಟನ್ನೂ ಒಂದೇ ಕಡೆ ಇಟ್ಟರು. ಮೊದಲನೇ ಗುಡ್ಡೆಯಲ್ಲಿ 17 ಬಾದಾಮಿ, 5 ರಸಪುರಿ. ಎರಡನೆಯದರಲ್ಲಿ 7 ಬಾದಾಮಿ, 5 ರಸಪುರಿ, 30 ತೋತಾಪುರಿ. ಕೂಡಿ ನೋಡಿ, ಎರಡೂ 61.

ಅಪ್ಪ ಒಂದು ನಿಮಿಷವೂ ಯೋಚಿಸದೆ ಮೊದಲನೆಯದನ್ನು ಎತ್ತಿಕೊಂಡರು. ಬೆಂಗಳೂರಿನಲ್ಲಿ ಅವರ ಆಫೀಸಿನವರು, ಅಕ್ಕಪಕ್ಕದ ಮನೆಯವರು ಬಾದಾಮಿಗೆ ಕಾಯುತ್ತಿದ್ದರು. ಮಧ್ಯೆ ಮಂಡಿ ಇಲ್ಲ, ಕಮಿಷನ್ ಇಲ್ಲ. ಅವರ ಪಾಲಿಗೆ ಒಂದು ಬಾದಾಮಿ ಕ್ರೇಟ್ ಐದು ತೋತಾಪುರಿಗೆ ಸಮ, ರಸಪುರಿ ಮಾತ್ರ ಅವರಿಗೂ ಎರಡಕ್ಕೇ ಸಮ. ಅವರ ಲೆಕ್ಕದಲ್ಲಿ ಮೊದಲನೇ ಗುಡ್ಡೆ 95, ಎರಡನೆಯದು 75. ಅಂದರೆ ದೊಡ್ಡಪ್ಪನಿಗೆ ಅವರ ಕಣ್ಣಲ್ಲಿ ಸರಿಯಾಗಿ ಅರ್ಧ ಸಿಕ್ಕಿತು. ಅಪ್ಪನಿಗೆ ಅವರ ಕಣ್ಣಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಕ್ಕಿತು. ತೂಕದ ಮೇಲೆ ಹಂಚಿದ್ದರೆ ಇದು ಆಗುತ್ತಲೇ ಇರಲಿಲ್ಲ. ಒಂದೇ ಹಣ್ಣಿಗೆ ಇಬ್ಬರ ಹತ್ತಿರ ಬೇರೆ ಬೇರೆ ಬೆಲೆ ಇರುತ್ತೆ ಅನ್ನೋದು ತಕ್ಕಡಿಗೆ ಗೊತ್ತಾಗಲ್ಲ.

ನೀವು ಗಮನಿಸಿರಬಹುದು, ಇಲ್ಲಿ ಆರಿಸುವವರಿಗೆ ಸ್ವಲ್ಪ ಅನುಕೂಲ ಜಾಸ್ತಿ. ದೊಡ್ಡಪ್ಪನೂ ಗಮನಿಸಿದರು. ಮುಂದಿನ ಸಲ ತಮ್ಮನ ಆಸೆ ಏನು ಅಂತ ಗೊತ್ತಿದ್ದದ್ದರಿಂದ, ಅಷ್ಟೇ ಮಾಲು ಬಂದಾಗ ಮೊದಲನೇ ಗುಡ್ಡೆಗೆ 17ರ ಬದಲು 16 ಬಾದಾಮಿ ಇಟ್ಟರು. ಅಪ್ಪನ ಲೆಕ್ಕದಲ್ಲಿ ಅದು 90, ಇನ್ನೊಂದು 80. ಆಗಲೂ ಅಪ್ಪ ಅದನ್ನೇ ಎತ್ತಿಕೊಂಡರು. ದೊಡ್ಡಪ್ಪನಿಗೆ ಉಳಿದ ಗುಡ್ಡೆ ಅವರ ಲೆಕ್ಕದಲ್ಲಿ 64 ಆಯಿತು. ಇದು ಮೋಸ ಅಲ್ಲ. ಇಬ್ಬರಿಗೂ ಅವರವರ ಕಣ್ಣಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಸಿಕ್ಕಿದೆ. ಆದರೆ ಆಸೆಗೆ ಬಿದ್ದು 14ಕ್ಕೆ ಇಳಿಸಿದ್ದರೆ ಅಪ್ಪ ಇನ್ನೊಂದು ಗುಡ್ಡೆ ಎತ್ತಿಕೊಂಡುಬಿಡುತ್ತಿದ್ದರು. ದೊಡ್ಡಪ್ಪನ ಕೈಯಲ್ಲಿ ಉಳಿಯುತ್ತಿದ್ದದ್ದು ಬರೀ 52. ಗುಡ್ಡೆ ಮಾಡುವವರಿಗೆ ಈ ಭಯ ಇರಬೇಕು, ಅದೇ ಅವರನ್ನು ನೇರವಾಗಿ ಇಡುತ್ತೆ. ಆ ವರ್ಷದಿಂದ ಅಜ್ಜಿ ಒಂದು ಕೊಯ್ಲಿಗೆ ಒಬ್ಬರು ಗುಡ್ಡೆ ಮಾಡಿದರೆ ಮುಂದಿನ ಕೊಯ್ಲಿಗೆ ಇನ್ನೊಬ್ಬರು ಅಂತ ಮಾಡಿದರು.

ಇನ್ನು ನಿಜವಾಗಿ ಕೈಕೊಡುವ ಜಾಗ ಹೇಳಬೇಕು. ಈ ಉಪಾಯ ನಿಂತಿರೋದು ಇಬ್ಬರಿಗೂ ಮಾಲು ಕಾಣುತ್ತೆ ಅನ್ನೋ ನಂಬಿಕೆಯ ಮೇಲೆ. ಮಾವಿನಲ್ಲಿ ಎಲ್ಲ ಕಾಣಲ್ಲ. ಕ್ರೇಟಿನ ಮೇಲೆ ದಪ್ಪ ಹಣ್ಣು ಜೋಡಿಸಿ ಕೆಳಗೆ ಸಣ್ಣದು ತುಂಬಬಹುದು. ನೊಣ ಚುಚ್ಚಿದ ಗುರುತು ಬರೀ ಸೂಜಿಮೊನೆಯಷ್ಟು ಇರುತ್ತೆ, ಒಳಗೆ ಹುಳ ಇರುತ್ತೆ. ಬಾದಾಮಿಯಲ್ಲಂತೂ ಹೊರಗೆ ಬಂಗಾರದ ಹಾಗಿದ್ದು ಒಳಗೆ ಓಟೆಯ ಸುತ್ತ ಬಿಳುಚಿಕೊಂಡು, ಸ್ಪಂಜಿನ ಹಾಗೆ ಹುಳಿ ಹುಳಿಯಾಗಿರುತ್ತೆ. ಹೊರಗಿಂದ ನೋಡಿ ಅದನ್ನು ಹೇಳೋಕೆ ಆಗಲ್ಲ. ಯಾವ ಮರದಲ್ಲಿ ಇದು ಜಾಸ್ತಿ ಅಂತ ಗೊತ್ತಿದ್ದದ್ದು ದಿನಾ ತೋಟದಲ್ಲಿರುವ ದೊಡ್ಡಪ್ಪನಿಗೆ ಮಾತ್ರ.

ಅಜ್ಜಿ ಇದಕ್ಕೆ ಎರಡು ಕಟ್ಟಳೆ ಮಾಡಿದರು. ಪ್ರತಿ ಕ್ರೇಟಿನ ಮೇಲೆ ಯಾವ ಮರದ ಹಣ್ಣು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಆರಿಸುವವರು ಯಾವ ಕ್ರೇಟನ್ನು ಬೇಕಾದರೂ ಹುಲ್ಲಿನ ಮೇಲೆ ಸುರಿಸಿ ನೋಡಬಹುದು, ಅದರಲ್ಲಿ ಮೂರು ಹಣ್ಣು ಕೊಯ್ದೂ ನೋಡಬಹುದು. ಕೊಯ್ದ ಹಣ್ಣು ಇಬ್ಬರ ಲೆಕ್ಕಕ್ಕೂ ಇಲ್ಲ, ಮಕ್ಕಳಿಗೆ. ನಾವು ಮಕ್ಕಳು ಪಕ್ಕದಲ್ಲೇ ಕಾಯುತ್ತಿದ್ದೆವು. ಅಪ್ಪನ ಸರದಿ ಗುಡ್ಡೆ ಮಾಡೋದಕ್ಕೆ ಬಂದಾಗ ದೊಡ್ಡಪ್ಪನ ಅನುಭವ ಅಪ್ಪನಿಗೆ ತೊಂದರೆ ಕೊಡಬಾರದು ಅಂತ, ಮೊದಲು ಅಪ್ಪನಿಗೂ ಹಾಗೆ ಸುರಿದು ಕೊಯ್ದು ನೋಡಲು ಬಿಡುತ್ತಿದ್ದರು. ಆ ಗುರುತುಗಳಿಂದ ಎರಡು ವರ್ಷದಲ್ಲಿ ಯಾವ ಮರ ಹೇಗೆ ಅಂತ ಅಪ್ಪನಿಗೂ ಗೊತ್ತಾಯಿತು.

ಆಮೇಲೆ ನಮ್ಮ ಸೋದರತ್ತೆಯೂ ತಮ್ಮ ಪಾಲು ಕೇಳಿದರು. ಕೇಳಿದ್ದು ಸರಿಯೇ. ಆದರೆ ಮೂವರಿದ್ದಾಗ ಒಬ್ಬರು ಗುಡ್ಡೆ ಮಾಡಿ ಇಬ್ಬರು ಆರಿಸೋದು ನಡೆಯಲ್ಲ, ಇಬ್ಬರ ಕಣ್ಣೂ ಒಂದೇ ಗುಡ್ಡೆಯ ಮೇಲೆ ಬೀಳಬಹುದು. ಇದಕ್ಕೆ ಪೋಲೆಂಡಿನ ಗಣಿತಜ್ಞರಾದ ಬಾನಾಕ್ ಮತ್ತು ಕ್ನಾಸ್ಟರ್ 1940ರ ದಶಕದಲ್ಲಿ ಒಂದು ದಾರಿ ಕಂಡುಹಿಡಿದಿದ್ದರು, ನಾನು ಕಾಲೇಜಿನಲ್ಲಿ ಓದಿದ್ದೆ. ಮೊದಲನೆಯವರು ತಮ್ಮ ಪ್ರಕಾರ ಮೂರನೇ ಒಂದು ಪಾಲನ್ನು ಬೇರೆ ಇಡುತ್ತಾರೆ. ಅದು ಜಾಸ್ತಿ ಆಯಿತು ಅನ್ನಿಸಿದರೆ ಎರಡನೆಯವರು ಅದರಿಂದ ಸ್ವಲ್ಪ ತೆಗೆದು ವಾಪಸ್ ರಾಶಿಗೆ ಹಾಕುತ್ತಾರೆ, ಮೂರನೆಯವರೂ ಹಾಗೇ. ಕೊನೆಗೆ ಕೈ ಹಚ್ಚಿದವರು ಆ ಪಾಲು ತಗೊಂಡು ಹೋಗಬೇಕು. ಉಳಿದದ್ದನ್ನು ಉಳಿದ ಇಬ್ಬರು ಅಜ್ಜಿ ಹೇಳಿದ ಹಾಗೆ ಹಂಚಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಇದೇ ನಡೆಯಿತು, ಅತ್ತೆ ಎರಡೇ ಎರಡು ಕ್ರೇಟ್ ವಾಪಸ್ ಹಾಕಿ ತಮ್ಮ ಪಾಲು ಎತ್ತಿಕೊಂಡರು.

ನಿಮ್ಮ ಅಪ್ಪ, ಚಿಕ್ಕಪ್ಪನಿಗೆ ಹೇಳುವುದಾದರೆ ಕೊಯ್ಲಿನ ದಿನವೇ, ತೋಟದಲ್ಲೇ ಮುಗಿಸಿ. ಮನೆಗೆ ತಂದು ನಾಲ್ಕು ದಿನ ಇಟ್ಟರೆ ಕೆಲವು ಹಣ್ಣಾಗುತ್ತವೆ, ಕೆಲವು ಕೊಳೆಯುತ್ತವೆ, ಮಾಡಿದ ಗುಡ್ಡೆ ಗುಡ್ಡೆಯಾಗಿ ಉಳಿಯಲ್ಲ. ಗಾಳಿಗೆ ಉದುರಿದ ಕಾಯಿಯನ್ನು ಯಾವ ಗುಡ್ಡೆಗೂ ಸೇರಿಸಬೇಡಿ. ನಮ್ಮಲ್ಲಿ ಅದು ಅಜ್ಜಿಯ ಉಪ್ಪಿನಕಾಯಿಗೆ ಹೋಗುತ್ತಿತ್ತು, ಜಾಡಿ ಮಾತ್ರ ಮೂರು ಮನೆಗೂ ಬರುತ್ತಿತ್ತು.