ಉಲ್ಲೇಖ ಹೊಂದುತ್ತಿಲ್ಲ ಎಂದು ಲೇಖಕರಿಗೆ ಹೇಳುವುದು ಹೇಗೆ?

ಪ್ರಶ್ನೆ: ನಾನು ವೈದ್ಯಕೀಯ ಕಾಲೇಜೊಂದರ ಅರಿವಳಿಕೆ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ. ಇದೇ ಮೊದಲ ಸಲ ಜರ್ನಲ್ ಒಂದು ನನಗೆ ಲೇಖನವನ್ನು ಪರಿಶೀಲನೆಗೆ ಕಳಿಸಿದೆ. ಕೆಲವು ಕಡೆ ಕೊಟ್ಟಿರುವ ಉಲ್ಲೇಖ ಆ ಮಾತಿಗೆ ಹೊಂದುತ್ತಿಲ್ಲ. ಇರಲೇಬೇಕಾದ ಒಂದೆರಡು ಅಧ್ಯಯನಗಳ ಹೆಸರೇ ಇಲ್ಲ. ಬರೆದವರು ಕಿರಿಯರು ಅನ್ನಿಸುತ್ತದೆ. ಅವರ ಉತ್ಸಾಹ ಕುಗ್ಗಬಾರದು, ತಪ್ಪೂ ಹಾಗೇ ಅಚ್ಚಾಗಬಾರದು. ಟಿಪ್ಪಣಿ ಹೇಗೆ ಬರೆಯಲಿ? ಬಿಟ್ಟುಹೋದ ಅಧ್ಯಯನಗಳಲ್ಲಿ ಒಂದು ನನ್ನದೇ. ಅದನ್ನು ಸೂಚಿಸಬಹುದೇ?

ಉತ್ತರ: ಪರಿಶೀಲನೆಗೆ ಬಂದ ಹಸ್ತಪ್ರತಿ ಗೋಪ್ಯವಾದ್ದರಿಂದ ಅದರ ವಿವರ ನೀವು ಬರೆದಿಲ್ಲ, ಅದು ಸರಿಯಾದದ್ದೇ. ಬದಲಿಗೆ ನಿಮ್ಮ ಕ್ಷೇತ್ರದಲ್ಲೇ ಬಹಳ ವರ್ಷ ನಡೆದ ಒಂದು ನಿಜವಾದ ಉಲ್ಲೇಖದೋಷವನ್ನು ತೆಗೆದುಕೊಂಡು, ಅದರ ಸುತ್ತ ಒಂದು ಕಲ್ಪಿತ ಹಸ್ತಪ್ರತಿಯನ್ನು ಇಟ್ಟುಕೊಳ್ಳೋಣ. ಅದರ ಪೀಠಿಕೆಯಲ್ಲಿ ಈ ವಾಕ್ಯವಿದೆ ಎಂದುಕೊಳ್ಳಿ: "ಶಸ್ತ್ರಚಿಕಿತ್ಸೆಯ ನಂತರ ಮನೆಗೆ ಓಪಿಯಾಯ್ಡ್ ಮಾತ್ರೆ ಬರೆದುಕೊಟ್ಟರೂ ವ್ಯಸನಕ್ಕೆ ಬೀಳುವವರು ಶೇ 1ಕ್ಕಿಂತ ಕಡಿಮೆ ಎಂದು ದೊಡ್ಡ ಅಧ್ಯಯನವೊಂದು ತೋರಿಸಿದೆ [7]." ಕೊನೆಯ ಪಟ್ಟಿಯಲ್ಲಿ 7ನೆಯದು ಪೋರ್ಟರ್ ಮತ್ತು ಜಿಕ್, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್, 1980, ಸಂಪುಟ 302, ಪುಟ 123.

ಮೂಲವನ್ನು ತೆರೆಯುವ ಮೊದಲೇ ಇಲ್ಲಿ ಒಂದು ಸುಳಿವಿದೆ. "ದೊಡ್ಡ ಅಧ್ಯಯನ" ಅನ್ನುತ್ತಾರೆ, ಪುಟ ಸಂಖ್ಯೆ ನೋಡಿದರೆ ಒಂದೇ ಒಂದು. ಪೂರ್ಣ ಪ್ರಮಾಣದ ಅಧ್ಯಯನ ಒಂದು ಪುಟದಲ್ಲಿ ಮುಗಿಯುವುದು ಅಪರೂಪ. ಪಬ್‌ಮೆಡ್‌ನಲ್ಲಿ ಹುಡುಕಿದರೆ ಅದು ಸಂಪಾದಕರಿಗೆ ಬರೆದ ಪತ್ರ ಎಂದು ತಿಳಿಯುತ್ತದೆ. ತೆರೆದು ಓದಿದರೆ ಇರುವುದು ಐದು ವಾಕ್ಯ. ಬಾಸ್ಟನ್ನಿನ ಔಷಧ ನಿಗಾ ಯೋಜನೆಯ ಕಡತಗಳಲ್ಲಿದ್ದ 39,946 ಒಳರೋಗಿಗಳಲ್ಲಿ 11,882 ಮಂದಿಗೆ ಒಮ್ಮೆಯಾದರೂ ಮಾದಕ ನೋವುನಿವಾರಕ ಕೊಟ್ಟಿದ್ದರು. ಹಿಂದೆ ವ್ಯಸನದ ಇತಿಹಾಸವಿಲ್ಲದವರಲ್ಲಿ ತಕ್ಕಮಟ್ಟಿಗೆ ದಾಖಲಾದ ವ್ಯಸನ ಕಂಡದ್ದು ನಾಲ್ಕು ಪ್ರಕರಣಗಳಲ್ಲಿ. ಪತ್ರ ಹೇಳುವುದು ಇಷ್ಟೇ. ಎಷ್ಟು ದಿನ ಕೊಟ್ಟರು, ಯಾವ ಪ್ರಮಾಣದಲ್ಲಿ ಕೊಟ್ಟರು, ಮನೆಗೆ ಹೋದ ಮೇಲೆ ಏನಾಯಿತು, ವ್ಯಸನವೆಂದು ಯಾವ ಅಳತೆಗೋಲಿನಿಂದ ತೀರ್ಮಾನಿಸಿದರು, ಇದಾವುದೂ ಅದರಲ್ಲಿಲ್ಲ.

2017ರಲ್ಲಿ ಕೆನಡಾದ ಸಂಶೋಧಕರು ಈ ಪತ್ರವನ್ನು ಯಾರು ಯಾರು, ಹೇಗೆ ಉಲ್ಲೇಖಿಸಿದ್ದಾರೆಂದು ಒಂದೊಂದಾಗಿ ಓದಿ, ಅದೇ ಜರ್ನಲ್‌ನಲ್ಲಿ ಪ್ರಕಟಿಸಿದರು. ಸಿಕ್ಕ ಉಲ್ಲೇಖಗಳು 608. ಅವುಗಳಲ್ಲಿ 439, ಅಂದರೆ ಶೇ 72ರಷ್ಟು, ವ್ಯಸನ ಅಪರೂಪ ಎನ್ನುವುದಕ್ಕೆ ಪುರಾವೆಯಾಗಿ ಈ ಪತ್ರವನ್ನು ಬಳಸಿದ್ದವು. ಇನ್ನು 491 ಬರಹಗಳು, ಶೇ 81ರ ಹತ್ತಿರ, ಆ ರೋಗಿಗಳು ಆಸ್ಪತ್ರೆಯಲ್ಲಿ ದಾಖಲಾಗಿದ್ದವರು ಎಂಬುದನ್ನೇ ಹೇಳಿರಲಿಲ್ಲ. ಹಾಗಾಗಿ ನಿಮ್ಮ ಲೇಖಕರು ಇದೇ ಜಾಗದಲ್ಲಿ ಎಡವಿದ್ದರೆ ಅದು ಅವರೊಬ್ಬರ ಅಜಾಗ್ರತೆ ಅಲ್ಲ. ಅವರು ನಂಬಿ ಓದಿದ ಲೇಖನವೇ ಹಾಗೆ ಬರೆದಿರಬಹುದು. ಟಿಪ್ಪಣಿಗೆ ಕೂರುವ ಮುನ್ನ ಇದನ್ನು ನೆನೆದರೆ ಮಾತಿನ ಬಿಸಿ ತಾನಾಗಿ ಇಳಿಯುತ್ತದೆ.

ಟಿಪ್ಪಣಿಯಲ್ಲಿ ನಾಲ್ಕು ಸಂಗತಿ ಬರಬೇಕು: ವಾಕ್ಯ ಎಲ್ಲಿದೆ, ಮೂಲದಲ್ಲಿ ಏನಿದೆ, ಎರಡರ ನಡುವಿನ ಅಂತರವೇನು, ಸರಿಪಡಿಸುವ ದಾರಿ ಯಾವುದು. "ಉಲ್ಲೇಖಗಳನ್ನು ಮತ್ತೊಮ್ಮೆ ಪರಿಶೀಲಿಸಿ" ಎಂದಷ್ಟೇ ಬರೆದರೆ ಮೆದುವಾಗಿ ಕೇಳಿಸುತ್ತದೆ, ಆದರೆ ಲೇಖಕರಿಗೆ ಅದರಿಂದ ಏನೂ ಸಿಗುವುದಿಲ್ಲ. ಅರವತ್ತು ಆಕರಗಳಲ್ಲಿ ಯಾವುದು ತಪ್ಪು ಎಂದು ಅವರು ಕತ್ತಲಲ್ಲಿ ತಡಕಾಡಬೇಕು. ನಿಖರವಾಗಿ ಹೇಳುವುದೇ ಇಲ್ಲಿ ನಿಜವಾದ ಸೌಜನ್ಯ. ನಮ್ಮ ಉದಾಹರಣೆಗೆ ಟಿಪ್ಪಣಿ ಹೀಗಿರಬಹುದು:

"ಪುಟ 3, ಸಾಲು 41–43: ಮನೆಗೆ ಬರೆದುಕೊಟ್ಟ ಓಪಿಯಾಯ್ಡ್‌ಗಳಿಂದ ವ್ಯಸನ ಶೇ 1ಕ್ಕಿಂತ ಕಡಿಮೆ ಎಂಬ ಮಾತಿಗೆ 7ನೇ ಆಕರದಲ್ಲಿ ಆಧಾರ ಕಾಣಲಿಲ್ಲ. ಅದು ಸಂಪಾದಕರಿಗೆ ಬರೆದ ಐದು ವಾಕ್ಯಗಳ ಪತ್ರ. ಆಸ್ಪತ್ರೆಯಲ್ಲಿದ್ದಾಗ ಒಮ್ಮೆಯಾದರೂ ಔಷಧ ಪಡೆದ 11,882 ಒಳರೋಗಿಗಳಲ್ಲಿ 4 ಪ್ರಕರಣ ಕಂಡವು ಎನ್ನುತ್ತದೆ. ಬಿಡುಗಡೆಯಾದ ನಂತರದ ಅವಧಿಯ ಮಾಹಿತಿ ಅದರಲ್ಲಿಲ್ಲ. ಈ ಪತ್ರ ಹೀಗೆ ವ್ಯಾಪಕವಾಗಿ ಉಲ್ಲೇಖವಾಗಿರುವುದನ್ನು ಅದೇ ಜರ್ನಲ್‌ನ 2017ರ ಬರಹವೊಂದು (ಸಂಪುಟ 376, ಪುಟ 2194) ವಿಶ್ಲೇಷಿಸಿದೆ. ಲೇಖಕರು ವಾಕ್ಯವನ್ನು ಒಳರೋಗಿಗಳಿಗೆ ಸೀಮಿತಗೊಳಿಸಬಹುದು, ಇಲ್ಲವೇ ಮನೆಗೆ ಹೋದ ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನವನ್ನು ಆಧಾರವಾಗಿ ಕೊಡಬಹುದು. ಪೀಠಿಕೆಯ ವಾದ ಈ ಅಂಕಿಯ ಮೇಲೆ ನಿಂತಿರುವುದರಿಂದ ಎರಡನೆಯದು ಹೆಚ್ಚು ಸೂಕ್ತ ಎಂದು ನನ್ನ ಅಭಿಪ್ರಾಯ."

ಇಲ್ಲಿ "ನೀವು ಮೂಲವನ್ನು ಓದಿಲ್ಲ" ಎಂಬ ಮಾತಿಲ್ಲ. ಅದು ನಿಜವೇ ಆಗಿದ್ದರೂ ನಿಮಗೆ ತಿಳಿಯುವ ದಾರಿಯಿಲ್ಲ. ನಿಮ್ಮ ಕಣ್ಣೆದುರು ಇರುವುದು ಒಂದು ವಾಕ್ಯ ಮತ್ತು ಒಂದು ಪತ್ರ, ಆದ್ದರಿಂದ ಅವೆರಡರ ಬಗ್ಗೆ ಮಾತ್ರ ಬರೆಯಿರಿ. "ಆಧಾರ ಕಾಣಲಿಲ್ಲ" ಎಂದಾಗ, ನಿಮಗೇ ಏನಾದರೂ ಕಣ್ತಪ್ಪಿದ್ದರೆ ಲೇಖಕರು ಉತ್ತರಪತ್ರದಲ್ಲಿ ಸರಿಯಾದ ಸಾಲನ್ನು ತೋರಿಸಲು ಜಾಗವೂ ಉಳಿಯುತ್ತದೆ. ಪತ್ರವೇ ಸುಳ್ಳು ಎನ್ನುವ ಧ್ವನಿಯೂ ಬರಬಾರದು. ಪೋರ್ಟರ್ ಮತ್ತು ಜಿಕ್ ಹೇಳಿದ್ದು ಆಸ್ಪತ್ರೆಯ ಕಡತದ ಮಾತು. ಅದನ್ನು ಹೊರರೋಗಿಗಳಿಗೆ ಹಿಗ್ಗಿಸಿದ್ದು ನಂತರದ ಬರಹಗಳು.

ಈಗ ಬಿಟ್ಟುಹೋದ ಉಲ್ಲೇಖಕ್ಕೆ ಬರೋಣ. ಹೆಚ್ಚಿನ ಪರಿಶೀಲಕರು ಮುಗ್ಗರಿಸುವುದು ಇಲ್ಲಿ. "ಈ ಕೆಳಗಿನ ಐದು ಲೇಖನಗಳನ್ನೂ ಸೇರಿಸಿ" ಎಂದು ಪಟ್ಟಿ ಕೊಟ್ಟರೆ, ಪ್ರಕಟಣೆಯ ಆತಂಕದಲ್ಲಿರುವ ಕಿರಿಯ ಲೇಖಕರು ಓದದೆಯೇ ಐದನ್ನೂ ಒಂದೇ ಆವರಣದಲ್ಲಿ ತುರುಕುತ್ತಾರೆ. ತಪ್ಪು ಉಲ್ಲೇಖವನ್ನು ಸರಿಪಡಿಸಲು ಹೋಗಿ ನಾವೇ ಹೊಸದನ್ನು ಹುಟ್ಟಿಸಿದಂತಾಗುತ್ತದೆ. ಒಂದು ಅಧ್ಯಯನವನ್ನು ಸೂಚಿಸುವಾಗ ಅದು ಯಾವ ವಾಕ್ಯಕ್ಕೆ ಬೇಕು, ಅದು ಏನನ್ನು ಅಳೆದಿದೆ, ಏನನ್ನು ಅಳೆದಿಲ್ಲ ಎಂಬ ಮೂರನ್ನೂ ಹೇಳಬೇಕು.

ನಮ್ಮ ಉದಾಹರಣೆಯಲ್ಲಿ ಇರಲೇಬೇಕಾದದ್ದು ಬ್ರಮೆಟ್ ಮತ್ತು ಸಂಗಡಿಗರು 2017ರಲ್ಲಿ ಜಾಮಾ ಸರ್ಜರಿಯಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನ. ಶಸ್ತ್ರಚಿಕಿತ್ಸೆಗೆ ಮೊದಲು ಓಪಿಯಾಯ್ಡ್ ಬಳಸದಿದ್ದ 36,177 ರೋಗಿಗಳ ವಿಮಾ ದಾಖಲೆಗಳನ್ನು ಅದು ನೋಡಿದೆ. ಶಸ್ತ್ರಚಿಕಿತ್ಸೆಯ ನಂತರದ 90ರಿಂದ 180 ದಿನಗಳ ನಡುವೆಯೂ ಓಪಿಯಾಯ್ಡ್ ಚೀಟಿಗೆ ಔಷಧ ಪಡೆದವರು ಶೇ 5.9ರಿಂದ 6.5. ಶಸ್ತ್ರಚಿಕಿತ್ಸೆ ಆಗದ ಹೋಲಿಕೆ ಗುಂಪಿನಲ್ಲಿ ಇದು ಶೇ 0.4 ಮಾತ್ರ. ಆದರೆ ಅಳೆದದ್ದು ಮುಂದುವರಿದ ಬಳಕೆಯನ್ನು, ವ್ಯಸನವನ್ನಲ್ಲ. ನಿಮ್ಮ ಟಿಪ್ಪಣಿಯಲ್ಲಿ ಈ ವ್ಯತ್ಯಾಸ ಬಿಟ್ಟುಹೋದರೆ, ತಿದ್ದಿದ ಪ್ರತಿಯಲ್ಲಿ "ಶಸ್ತ್ರಚಿಕಿತ್ಸೆಯ ನಂತರ ಶೇ 6 ಮಂದಿ ವ್ಯಸನಿಗಳಾಗುತ್ತಾರೆ" ಎಂದು ಬಂದರೂ ಆಶ್ಚರ್ಯವಿಲ್ಲ. ಮೊದಲನೆಯದು ಅಪಾಯವನ್ನು ಕುಗ್ಗಿಸಿತ್ತು, ಇದು ಹಿಗ್ಗಿಸುತ್ತದೆ, ಎರಡರಲ್ಲೂ ಮೂಲಕ್ಕೂ ಮಾತಿಗೂ ಸಂಬಂಧ ತಪ್ಪಿದೆ. ಆದ್ದರಿಂದ ಹೀಗೆ ಬರೆಯಿರಿ:

"ಸಾಲು 44ರ ನಂತರ: ಮನೆಗೆ ಹೋದ ಶಸ್ತ್ರಚಿಕಿತ್ಸಾ ರೋಗಿಗಳ ಮೇಲಿನ ಅಧ್ಯಯನಗಳ ಪ್ರಸ್ತಾಪ ಇಲ್ಲಿ ಬೇಕು. ಬ್ರಮೆಟ್ ಮತ್ತು ಸಂಗಡಿಗರ 2017ರ ಅಧ್ಯಯನ ಒಂದು ಉದಾಹರಣೆ. ಅದು 90–180 ದಿನಗಳ ನಡುವಿನ ಮುಂದುವರಿದ ಬಳಕೆಯನ್ನು ಅಳೆಯುತ್ತದೆ, ವ್ಯಸನದ ರೋಗನಿರ್ಣಯವನ್ನಲ್ಲ. ಅಮೆರಿಕದ ವಿಮಾ ದಾಖಲೆಗಳಾದ್ದರಿಂದ ಔಷಧ ಬರೆದುಕೊಡುವ ಪದ್ಧತಿ ಬೇರೆ ಇರುವ ಕಡೆ ಎಷ್ಟು ಅನ್ವಯಿಸುತ್ತದೆ ಎಂಬುದನ್ನೂ ಲೇಖಕರು ಚರ್ಚಿಸಬಹುದು. ಇದಕ್ಕಿಂತ ಹೊಂದುವ ಅಧ್ಯಯನ ಅವರಿಗೆ ಗೊತ್ತಿದ್ದರೆ ಅದನ್ನೇ ಬಳಸಲಿ."

ಕೊನೆಯ ವಾಕ್ಯವನ್ನು ಬಿಡಬೇಡಿ. ಪರಿಶೀಲಕರ ಸೂಚನೆ ಆಜ್ಞೆಯಲ್ಲ ಎಂದು ಅದು ತಿಳಿಸುತ್ತದೆ.

ನಿಮ್ಮದೇ ಲೇಖನದ ವಿಷಯ. ಅದನ್ನು ತೆಗೆದರೆ ಹಸ್ತಪ್ರತಿಯ ವಾದದಲ್ಲಿ ನಿಜಕ್ಕೂ ಕೊರತೆ ಉಳಿಯುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಅದೇ ಮಾತನ್ನು ಹೇಳುವ ಬೇರೆಯವರ ಅಧ್ಯಯನ ಇದ್ದರೆ ಅದನ್ನು ಸೂಚಿಸಿ, ನಿಮ್ಮದನ್ನು ಬಿಟ್ಟುಬಿಡಿ. ಬೇರೆ ಇಲ್ಲದಿದ್ದರೆ ಹೇಳಬಹುದು. ಆಗ ಸಂಪಾದಕರಿಗೆ ಮಾತ್ರ ಕಾಣುವ ಟಿಪ್ಪಣಿಯಲ್ಲಿ "ಸೂಚಿಸಿರುವ ಇಂಥ ಲೇಖನ ನನ್ನದು, ಕಾರಣ ಇದು, ಉಳಿಸುವುದು ಬಿಡುವುದು ನಿಮ್ಮ ತೀರ್ಮಾನ" ಎಂದು ತೆರೆದು ತಿಳಿಸಿ. ತನ್ನ ಉಲ್ಲೇಖಸಂಖ್ಯೆ ಏರಿಸಿಕೊಳ್ಳಲು ಲೇಖನ ಸೇರಿಸಿ ಎನ್ನುವುದನ್ನು ಪ್ರಕಟಣಾ ನೀತಿಯ ಅಂತರರಾಷ್ಟ್ರೀಯ ಸಮಿತಿಯಾದ ಕೋಪ್‌ನ ಮಾರ್ಗಸೂಚಿ ಸ್ಪಷ್ಟವಾಗಿ ಬೇಡವೆನ್ನುತ್ತದೆ. ಪರಿಶೀಲಕರ ಹೆಸರು ಮರೆಮಾಡಿದ ಪರಿಶೀಲನೆಯಲ್ಲಿ ಇನ್ನೊಂದು ತೊಡಕಿದೆ: ಒಬ್ಬರದೇ ಎರಡು ಮೂರು ಲೇಖನ ಸೂಚಿಸಿದರೆ ಪರಿಶೀಲಕರು ಯಾರೆಂದು ಲೇಖಕರು ಊಹಿಸಿಬಿಡುತ್ತಾರೆ.

ಎಲ್ಲ ಆಕರಗಳನ್ನೂ ಹೀಗೆ ತೆರೆದು ನೋಡಬೇಕೆಂದಿಲ್ಲ. ವಾದ ನಿಂತಿರುವ ಕಂಬಗಳನ್ನು ನೋಡಿದರೆ ಸಾಕು: ಪೀಠಿಕೆಯಲ್ಲಿ ಅಂಕಿ ಇರುವ ವಾಕ್ಯಗಳು, ಮಾದರಿ ಗಾತ್ರ ಲೆಕ್ಕಹಾಕಲು ಬಳಸಿದ ಹಿಂದಿನ ಅಧ್ಯಯನ, ಬಳಸಿದ ಮಾಪನದ ಮೂಲ, ಚರ್ಚೆಯಲ್ಲಿ "ನಮ್ಮ ಫಲಿತಾಂಶ ಇವರದಕ್ಕೆ ಹೊಂದುತ್ತದೆ" ಎನ್ನುವ ಜಾಗ. ಇವುಗಳಲ್ಲಿ ಮಾದರಿ ಗಾತ್ರದ ಆಧಾರವನ್ನು ತಪ್ಪದೆ ತೆರೆಯಿರಿ. ಅಲ್ಲಿನ ಅಂಕಿ ಮೂಲದಲ್ಲಿ ಇಲ್ಲದಿದ್ದರೆ ಇಡೀ ಅಧ್ಯಯನದ ಲೆಕ್ಕವೇ ಅಲುಗುತ್ತದೆ. ಸಾರಾಂಶ ಓದಿ ತೀರ್ಮಾನಿಸಬೇಡಿ, ಅಂಕಿ ಕೋಷ್ಟಕದಲ್ಲಿರಬಹುದು. ಅಂಕಿ ಮೂಲ ಲೇಖನದ ಪೀಠಿಕೆಯಲ್ಲಿ ಸಿಕ್ಕಿದರೆ, ಅದು ಬಹುತೇಕ ಇನ್ನೊಬ್ಬರ ಅಧ್ಯಯನದ್ದು. ಆಗ "ಈ ಅಂಕಿ ಇಲ್ಲಿಯೂ ಉಲ್ಲೇಖವಾಗಿಯೇ ಬಂದಿದೆ, ಮೊದಲು ವರದಿ ಮಾಡಿದವರನ್ನು ನೋಡಿ ಅವರ ಹೆಸರನ್ನು ಕೊಡಿ" ಎಂದರೆ ಸಾಕು.

ವರದಿಯಲ್ಲಿ ಇವನ್ನು ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. 7ನೇ ಆಕರದಂಥದ್ದು ವಾದವನ್ನೇ ಬದಲಿಸುವುದರಿಂದ ಪ್ರಮುಖ ಟಿಪ್ಪಣಿಗಳಲ್ಲಿ ಬರಲಿ. ಇಸವಿ ತಪ್ಪು, ಸಂಪುಟ ತಪ್ಪು, ಹೆಸರಿನ ಅಕ್ಷರ ತಪ್ಪು ಇವೆಲ್ಲ ಸಣ್ಣ ತಿದ್ದುಪಡಿಗಳ ಕೆಳಗೆ ಒಟ್ಟಿಗೆ ಹೋಗಲಿ. ಎರಡನ್ನೂ ಬೆರೆಸಿ ಇಪ್ಪತ್ತು ಟಿಪ್ಪಣಿಯ ಸಾಲು ಮಾಡಿದರೆ ಲೇಖಕರು ಸುಲಭದ ಹದಿನೆಂಟನ್ನು ಸರಿಪಡಿಸಿ, ಕಷ್ಟದ ಎರಡನ್ನು ತೇಲಿಸಿಬಿಡುವ ಸಂಭವ ಹೆಚ್ಚು. ಹಳೆಯ ಲೇಖನವೊಂದರ ಆಕರಪಟ್ಟಿಯ ತಪ್ಪುಗಳೇ ಇಲ್ಲೂ ಸಾಲಾಗಿ ಕಂಡು, ನಕಲಿನ ಅನುಮಾನ ಬಂದರೆ ಅದನ್ನು ಲೇಖಕರಿಗೆ ಬರೆಯಬೇಡಿ. ಎರಡರ ವಿವರ ಕೊಟ್ಟು ಸಂಪಾದಕರಿಗೆ ತಿಳಿಸಿ. ವಿಚಾರಿಸುವ ಹೊಣೆ ಅವರದು.

ತಿದ್ದಿದ ಪ್ರತಿ ಮರಳಿ ಬಂದಾಗ ಆಕರಪಟ್ಟಿಯಲ್ಲಿ ಹೊಸ ಹೆಸರು ಸೇರಿದೆಯೇ ಎಂದಷ್ಟೇ ನೋಡಿ ಒಪ್ಪಿಗೆ ಕೊಡಬೇಡಿ. ಅದರ ಜೊತೆಗಿನ ವಾಕ್ಯ ಬದಲಾಗಿದೆಯೇ ನೋಡಿ. "ಶೇ 1ಕ್ಕಿಂತ ಕಡಿಮೆ" ಹಾಗೇ ಇದ್ದು, [7]ರ ಪಕ್ಕದಲ್ಲಿ ಬ್ರಮೆಟ್ ಸೇರಿದ್ದರೆ ತಿದ್ದುಪಡಿ ಆಗಿಲ್ಲ. ಒಂದು ಆಕರ ಹೇಳದ ಮಾತನ್ನು ಈಗ ಎರಡು ಆಕರಗಳ ತಲೆಗೆ ಕಟ್ಟಿದಂತಾಗಿದೆ. ಆಗ ಹಳೆಯ ಟಿಪ್ಪಣಿಯನ್ನೇ ಮತ್ತೆ ಕಳಿಸದೆ, ನೀವು ಒಪ್ಪುವಂಥ ವಾಕ್ಯವನ್ನು ಮಾದರಿಯಾಗಿ ಬರೆದುಕೊಡಿ: "ಒಳರೋಗಿಗಳಲ್ಲಿ ದಾಖಲಾದ ವ್ಯಸನ ವಿರಳವೆಂದು 1980ರ ಪತ್ರವೊಂದು ಹೇಳಿದರೂ, ಬಿಡುಗಡೆಯ ನಂತರ ಶೇ 6ರಷ್ಟು ಶಸ್ತ್ರಚಿಕಿತ್ಸಾ ರೋಗಿಗಳಲ್ಲಿ ಮೂರು ತಿಂಗಳಾಚೆಗೂ ಬಳಕೆ ಮುಂದುವರಿದದ್ದನ್ನು ಅಮೆರಿಕದ ಅಧ್ಯಯನವೊಂದು ಕಂಡಿದೆ."