ಮೂರು ಪತ್ರ ಬರೆದಾಯಿತು, ಉಪಗುತ್ತಿಗೆ ರದ್ದು ಮಾಡಬಹುದೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದೇನೆ. ಪ್ಲಾಸ್ಟರಿಂಗ್ ಉಪಗುತ್ತಿಗೆ ಕೊಟ್ಟವರ ಕೆಲಸ ಸರಿಯಿಲ್ಲ. ಗೋಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ‘ಕೆಲಸ ಸುಧಾರಿಸಿ’ ಅಂತ ಮೂರು ಪತ್ರ ಬರೆದೆ. ಎರಡನೆಯದರ ನಂತರ ಒಂದು ಬಿಲ್ ಪಾಸ್ ಮಾಡಿದ್ದೇನೆ. ದೋಷ ತಿಳಿಸಿದ 14 ದಿನದಲ್ಲಿ ಸರಿಪಡಿಸದಿದ್ದರೆ ರದ್ದು ಮಾಡಬಹುದು ಅಂತ ಕರಾರಿನ 12ನೇ ಕಲಮು ಹೇಳುತ್ತದೆ. ಈಗಲೇ ರದ್ದು ನೋಟಿಸ್ ಕೊಡಲೇ?

ಉತ್ತರ: ಇವತ್ತೇ ಬೇಡ ಸರ್. ಮೊದಲು ಇನ್ನೊಂದು ಪತ್ರ ಹೋಗಬೇಕು.

‘ಸುಧಾರಿಸಿ’ ಅಂದರೆ ಯಾವ ಗೋಡೆ, ಏನು ದೋಷ, ಯಾವತ್ತಿನೊಳಗೆ ಅಂತ ಗೊತ್ತಾಗುವುದಿಲ್ಲ ಅಲ್ವಾ? 12ನೇ ಕಲಮು ಕೇಳುವ ಪತ್ರ ಅದಲ್ಲ ಅಂತ ಅವರ ವಕೀಲರು ವಾದಿಸುತ್ತಾರೆ. ಆಕ್ಷೇಪ ಬರೆಯದೆ ಪಾಸ್ ಮಾಡಿದ ಬಿಲ್ ತೋರಿಸಿ, ‘ಕೆಲಸ ಒಪ್ಪಿಕೊಂಡಿದ್ದಾರೆ’ ಅಂತಲೂ ಹೇಳುತ್ತಾರೆ. ಕರಾರಿನ ಹೆಜ್ಜೆ ತಪ್ಪಿ ರದ್ದು ಮಾಡಿದರೆ ಕರಾರು ಮುರಿದವರು ನೀವೇ ಆಗುತ್ತೀರಿ. ಆಗ ಅವರೇ ನಿಮ್ಮಿಂದ ಪರಿಹಾರ ಕೇಳಬಹುದು.

ಹೊಸ ಪತ್ರದಲ್ಲಿ 12ನೇ ಕಲಮಿನ ಹೆಸರೆತ್ತಿ. ಫ್ಲಾಟ್ ನಂಬರ್, ಗೋಡೆ, ದೋಷ ಒಂದೊಂದಾಗಿ ಬರೆದು ಫೋಟೋ ಲಗತ್ತಿಸಿ. ಹಿಂದಿನ ಮೂರು ಪತ್ರಗಳ ತಾರೀಖು ಹಾಕಿ. ಬಿಲ್ ಪಾಸ್ ಮಾಡಿದ ಮಾತ್ರಕ್ಕೆ ದೋಷವಿರುವ ಕೆಲಸ ಒಪ್ಪಿದಂತಲ್ಲ ಅಂತಲೂ ಸೇರಿಸಿ. ಕರಾರಿನಲ್ಲಿರುವ ವಿಳಾಸಕ್ಕೇ ಸ್ಪೀಡ್ ಪೋಸ್ಟ್ ಮಾಡಿ. ವಾಟ್ಸ್‌ಆ್ಯಪ್ ಒಂದನ್ನೇ ನಂಬಬೇಡಿ.

ದಿನ ಎಣಿಸುವಾಗಲೇ ಜಾಸ್ತಿ ಜನ ಎಡವುತ್ತಾರೆ. 3ನೇ ತಾರೀಖು ಹಾಕಿದ ಪತ್ರ ಅವರಿಗೆ 6ಕ್ಕೆ ತಲುಪಿತು ಅಂದುಕೊಳ್ಳಿ. ಕರಾರಿನಲ್ಲಿ ‘ತಲುಪಿದ ದಿನದಿಂದ’ ಅಂತಿದ್ದರೆ 14 ದಿನ ಮುಗಿಯುವುದು 20ಕ್ಕೆ. 18ಕ್ಕೇ ರದ್ದು ಪತ್ರ ಕಳಿಸಿದರೆ ಇಷ್ಟೂ ಶ್ರಮ ಹಾಳು. 21ರಂದು ಸೈಟಿಗೆ ಹೋಗಿ ಅದೇ ಗೋಡೆಗಳನ್ನು ಮತ್ತೆ ತಟ್ಟಿ ನೋಡಿ, ಬರೆದಿಡಿ. ಸರಿಯಾಗಿಲ್ಲದಿದ್ದರೆ ಆಮೇಲೆ ರದ್ದು ನೋಟಿಸ್.

ಅದು ಚಿಕ್ಕದಾಗಿರಲಿ:

‘ದಿನಾಂಕ … ರಂದು 12ನೇ ಕಲಮಿನಡಿ ಕೊಟ್ಟ ನೋಟಿಸ್ ನಿಮಗೆ … ರಂದು ತಲುಪಿದೆ. ಅದಕ್ಕೂ ಮೊದಲು …, …, … ರಂದು ಲಿಖಿತ ಎಚ್ಚರಿಕೆ ಕೊಟ್ಟಿದ್ದೆವು. 14 ದಿನ ಕಳೆದರೂ ಪಟ್ಟಿಯ ದೋಷಗಳು ಸರಿಯಾಗಿಲ್ಲ. ಆದ್ದರಿಂದ 12ನೇ ಕಲಮಿನಂತೆ ಕರಾರನ್ನು ರದ್ದು ಮಾಡಿದ್ದೇವೆ. ಜಂಟಿ ಅಳತೆಗೆ … ರಂದು ಸೈಟಿಗೆ ಬನ್ನಿ. ನಷ್ಟ ವಸೂಲಿಯ ನಮ್ಮ ಹಕ್ಕನ್ನು ಉಳಿಸಿಕೊಂಡಿದ್ದೇವೆ.’

ಬೈಗುಳ, ಅನುಮಾನ, ಸಾಬೀತು ಮಾಡಲಾಗದ ಆರೋಪ ಯಾವುದೂ ಬೇಡ.

ನಷ್ಟವನ್ನು 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮಿನಡಿ ಕೇಳಬಹುದು. ಆದರೆ ನಿಜವಾಗಿ ಆದ ನಷ್ಟಕ್ಕೆ ಲೆಕ್ಕ ಬೇಕು. ಅದಕ್ಕೇ ಜಂಟಿ ಅಳತೆ. ಅವರು ಬರದಿದ್ದರೆ ಹೊರಗಿನ ಎಂಜಿನಿಯರ್ ಒಬ್ಬರಿಂದ ಅಳತೆ ಬರೆಸಿ, ಫೋಟೋ ತೆಗೆಸಿ. ಹೊಸ ತಂಡ ಗೋಡೆ ಮುಟ್ಟುವುದು ಅದಾದ ಮೇಲೆ.