ಪಹಣಿ ಲಿಂಕ್ ಕಳ್ಸಿದ್ರೆ ವಕೀಲರಿಗೆ ಖಾಲಿ ಪೇಜ್ ಯಾಕೆ ಬರುತ್ತೆ?

ಪ್ರಶ್ನೆ: ಸರ್, ನಮ್ದು ಚಿಂತಾಮಣಿ ತಾಲೂಕು ಕೈವಾರ ಹೋಬಳಿ. ಜಮೀನಿನ ವಿಚಾರಕ್ಕೆ ವಕೀಲರು ಪಹಣಿ ಕಳ್ಸಿ ಅಂದ್ರು. ನಾನು ಫೋನಲ್ಲೇ ಪಹಣಿ ಓಪನ್ ಮಾಡಿ, ಮೇಲಿರೋ ಲಿಂಕ್ ಕಾಪಿ ಮಾಡಿ ವಾಟ್ಸಾಪಲ್ಲಿ ಹಾಕ್ದೆ. ಅವ್ರಿಗೆ ಬರೀ ಜಿಲ್ಲೆ, ತಾಲೂಕು ಸೆಲೆಕ್ಟ್ ಮಾಡೋ ಪೇಜ್ ಬರ್ತಿದ್ಯಂತೆ, ನನ್ ಫೋನಲ್ಲಿ ಪೂರ್ತಿ ಕಾಣ್ತಿತ್ತು. ಇನ್ನೊಂದು, ಒಂದು ನೋಟಿಸ್ ಪಿಡಿಎಫ್ ಇಂದ ಕಾಪಿ ಮಾಡಿ ಹಾಕಿದ್ರೆ PÀ£ÀßqÀ ಅಂತ ಏನೇನೋ ಬರುತ್ತೆ. ಏನು ಪೇಸ್ಟ್ ಮಾಡ್ಬೇಕು ಸರ್?

ಉತ್ತರ: ನಿಮ್ ಫೋನೂ ಸರಿ ಇದೆ, ವಕೀಲರ ಫೋನೂ ಸರಿ ಇದೆ. ನೀವು ಕಳ್ಸಿದ್ದು ಪಹಣಿ ಅಲ್ಲ, ಪಹಣಿ ಹುಡುಕೋ ಪೇಜಿನ ವಿಳಾಸ, ಅಷ್ಟೇ ಆಗಿರೋದು. ಚಿಂತಾಮಣಿ ಮಾರ್ಕೆಟ್ಟಿಗೆ ಬನ್ನಿ ಅಂತ ಹೇಳಿ ಯಾವ ಮಂಡಿ, ಯಾವ ಲಾಟು ಅಂತ ಹೇಳ್ದೆ ಬಿಟ್ಟಂಗೆ.

ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಾದ್ರೆ ಮುಂದೆ ಯಾವ್ ಲಿಂಕ್ ಕೆಲ್ಸ ಮಾಡುತ್ತೆ ಯಾವ್ದು ಮಾಡಲ್ಲ ಅಂತ ನೋಡಿದ ತಕ್ಷಣ ಹೇಳ್ಬೋದು. ಪಹಣಿ ನೋಡೋವಾಗ ನೀವು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ, ಯಾವ ಅವಧಿ ಅಂತ ಒಂದೊಂದಾಗಿ ಆರಿಸ್ಕೊಂಡು ಹೋಗ್ತೀರ ಅಲ್ವಾ, ಆವಾಗ ಮೇಲಿನ ಅಡ್ರೆಸ್ ಬಾರ್ ಕಡೆ ಒಂದ್ಸಲ ಗಮನ ಇಡಿ. ನೀವು ಏನೇ ಆರಿಸಿದ್ರೂ ಅಲ್ಲಿರೋ ಅಕ್ಷರ ಬದಲಾಗಲ್ಲ. ಅಂದ್ರೆ ನೀವು ತುಂಬಿದ್ದೆಲ್ಲ ಅಡ್ರೆಸ್ ಒಳಗೆ ಸೇರ್ಕೊಳ್ಳಲ್ಲ, ಅದು ಫಾರಂ ತರ ಬೇರೆ ದಾರೀಲಿ ಸರ್ವರಿಗೆ ಹೋಗುತ್ತೆ, ಸರ್ವರ್ ಅದನ್ನ ನೋಡಿ ನಿಮ್ ಬ್ರೌಸರಿಗೆ ಮಾತ್ರ ಪಹಣಿ ಕಳ್ಸುತ್ತೆ. ಯಾರಿಗೆ ಕಳ್ಸಿದ್ದು ಅಂತ ನೆನಪಿಟ್ಕೊಳ್ಳೋಕೆ ನಿಮ್ ಫೋನಲ್ಲಿ ಕುಕಿ ಅಂತ ಒಂದು ಸಣ್ಣ ಗುರುತು ಬಿಟ್ಟಿರುತ್ತೆ. ವಕೀಲರ ಫೋನಲ್ಲಿ ಆ ಗುರುತೂ ಇಲ್ಲ, ನೀವು ತುಂಬಿದ ಫಾರಮ್ಮೂ ಇಲ್ಲ, ಹಾಗಾಗಿ ಮೊದಲಿಂದ ಶುರು ಮಾಡಿ ಅನ್ನುತ್ತೆ. ನೀವೇ ಸ್ವಲ್ಪ ಹೊತ್ತು ಬಿಟ್ಟು ಅದೇ ಪೇಜ್ ರಿಫ್ರೆಶ್ ಮಾಡಿದ್ರೂ ಸೆಷನ್ ಮುಗೀತು ಅಂತ ಬರ್ಬೋದು.

ಈ ಎರಡು ಸಾಲು ನೋಡಿ, ಬರೀ ಉದಾಹರಣೆಗೆ ಬರ್ದಿರೋದು, ಒತ್ತೋಕೆ ಹೋಗ್ಬೇಡಿ:

```
https://example.com/view.aspx
https://example.com/view?village=12&survey=84
```

ಮೊದಲನೇದರಲ್ಲಿ ಯಾವ ಊರು ಯಾವ ಸರ್ವೆ ನಂಬರ್ ಅನ್ನೋದೇ ಇಲ್ಲ. ಎರಡನೇದರಲ್ಲಿ ಪ್ರಶ್ನೆ ಚಿಹ್ನೆ ಆದ್ಮೇಲೆ ನೀವು ಕೇಳಿದ್ದು ಅಡ್ರೆಸ್ಸಲ್ಲೇ ಬರ್ದಿದೆ, ಹಾಗಾಗಿ ಬೇರೆಯವ್ರು ಒತ್ತಿದ್ರೂ ಅದೇ ಪೇಜ್ ಬರೋ ಚಾನ್ಸ್ ಇದೆ (ಲಾಗಿನ್ ಕೇಳ್ಲಿಲ್ಲ ಅಂದ್ರೆ ಮಾತ್ರ). ನೀವು ಕಳ್ಸಿರೋದು ಮೊದಲನೇ ಜಾತೀದು.

ಇನ್ನೊಂದು ಜಾತಿ ಇದೆ, ಅದಂತೂ ಕಳ್ಸಿ ಪ್ರಯೋಜನಾನೇ ಇಲ್ಲ. ಕೆಲವು ಸೈಟಲ್ಲಿ ಪಿಡಿಎಫ್ ಓಪನ್ ಆದಾಗ ಮೇಲೆ `blob:https://` ಅಂತ ಶುರುವಾಗೋ ಉದ್ದದ ಅಡ್ರೆಸ್ ಬರುತ್ತೆ, ಇಲ್ಲಾಂದ್ರೆ ಫೋನಲ್ಲಿರೋ ಫೈಲ್ ಓಪನ್ ಮಾಡಿದ್ರೆ `content://` ಅಂತ ಬರುತ್ತೆ. ನೋಡೋಕೆ ಲಿಂಕ್ ತರಾನೇ ಇರುತ್ತೆ, ಆದ್ರೆ ಅದು ನಿಮ್ ಬ್ರೌಸರಿನ, ನಿಮ್ ಫೋನಿನ ಒಳಗಿನ ಜಾಗದ ಹೆಸ್ರು, ಇಂಟರ್ನೆಟ್ಟಲ್ಲಿ ಅಂಥ ಜಾಗಾನೇ ಇಲ್ಲ. ಅಂಥದ್ದು ಕಂಡ್ರೆ ಫೈಲ್ ಡೌನ್‌ಲೋಡ್ ಮಾಡಿ ಫೈಲನ್ನೇ ಕಳ್ಸಿ.

ಕಳ್ಸೋಕೆ ಮುಂಚೆ ಚೆಕ್ ಮಾಡೋದು ಹೇಗೆ ಅಂತೀರಾ, ಸುಲಭ. ಲಿಂಕ್ ಕಾಪಿ ಮಾಡಿ, ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ಹೊಸ ಇನ್‌ಕಾಗ್ನಿಟೋ ಟ್ಯಾಬ್ ತಗೊಂಡು ಅಲ್ಲಿ ಪೇಸ್ಟ್ ಮಾಡಿ. ಆ ಟ್ಯಾಬಿಗೆ ನಿಮ್ ಲಾಗಿನ್ನೂ ಗೊತ್ತಿರಲ್ಲ, ನಿಮ್ ಕುಕೀನೂ ಗೊತ್ತಿರಲ್ಲ, ಅಂದ್ರೆ ಹೆಚ್ಚುಕಮ್ಮಿ ವಕೀಲರು ನೋಡಿದಂಗೇ ನೋಡುತ್ತೆ. ಅಲ್ಲಿ ಪಹಣಿ ಬಂದ್ರೆ ಅವ್ರಿಗೂ ಬರುತ್ತೆ, ಅಲ್ಲಿ ಜಿಲ್ಲೆ ತಾಲೂಕು ಕೇಳಿದ್ರೆ ಅವ್ರಿಗೂ ಅದೇ ಗತಿ. ಒಂದೇ ಒಂದು ಕೊರತೆ, `blob:` ಮತ್ತು ಫೋನ್ ಒಳಗಿನ ಅಡ್ರೆಸ್ ವಿಷ್ಯದಲ್ಲಿ ಈ ಪರೀಕ್ಷೆ ನಂಬ್ಬೇಡಿ, ಅವು ಕಂಡ ತಕ್ಷಣ ಬಿಟ್ಬಿಡಿ. ಆಮೇಲೆ ವಾಟ್ಸಾಪಲ್ಲಿ ಲಿಂಕ್ ಹಾಕಿದ ತಕ್ಷಣ ಫೋಟೋ ಹೆಡಿಂಗ್ ಸಮೇತ ಒಂದು ಡಬ್ಬಿ ಬರುತ್ತಲ್ಲ, ಅದನ್ನ ನೋಡಿ ಎಲ್ಲಾ ಹೋಯ್ತು ಅಂದ್ಕೊಳ್ಳೋರು ಬಹಳ ಜನ. ಅದು ಸೈಟಿನವ್ರು ಪೇಜಿನ ತಲೆಗೆ ಬರ್ದಿಟ್ಟಿರೋ ಹೆಸ್ರು, ಚಿತ್ರ ಅಷ್ಟೇ, ನಿಮ್ ಪಹಣಿಗೂ ಅದಕ್ಕೂ ಸಂಬಂಧ ಇಲ್ಲ.

ಸರಿ, ಈಗ ಏನು ಪೇಸ್ಟ್ ಮಾಡ್ಬೇಕು. ವಕೀಲರಿಗೆ ಬೇಕಿರೋದು ಎರಡು: ಪಹಣೀಲಿ ಏನಿದೆ ಅನ್ನೋದು, ಆಮೇಲೆ ಬೇಕಂದ್ರೆ ತಾವೇ ತೆಗೆದು ನೋಡೋಕೆ ದಾರಿ. ದಾರಿ ಅಂದ್ರೆ ಲಿಂಕ್ ಅಲ್ಲ, ನೀವು ಫಾರಮ್ಮಲ್ಲಿ ಏನೇನು ತುಂಬಿದ್ರಿ ಅನ್ನೋದು. ನನ್ನ ಕೇಳಿದ್ರೆ ಮೆಸೇಜ್ ಹಿಂಗಿರ್ಬೇಕು (ನಂಬರ್ ಎಲ್ಲಾ ನಾನು ಸುಮ್ನೆ ಹಾಕಿರೋದು, ನಿಮ್ದು ಹಾಕ್ಕೊಳ್ಳಿ):

> ಸರ್, ಪಹಣಿ ವಿವರ. ಇವತ್ತು ಬೆಳಗ್ಗೆ ಆನ್‌ಲೈನ್ ನೋಡಿದ್ದು (ಇಲ್ಲಿ ತಾರೀಕು).
> ಜಿಲ್ಲೆ ಚಿಕ್ಕಬಳ್ಳಾಪುರ, ತಾಲೂಕು ಚಿಂತಾಮಣಿ, ಹೋಬಳಿ ಕೈವಾರ, ಗ್ರಾಮ (ಊರ ಹೆಸ್ರು)
> ಸರ್ವೆ ನಂ 84, ಸರ್ನೋಕ್ *, ಹಿಸ್ಸಾ 2, ಅವಧಿ (ಆರಿಸಿದ ವರ್ಷ)
> ವಿಸ್ತೀರ್ಣ 1 ಎಕರೆ 12 ಗುಂಟೆ, ಖರಾಬು 2 ಗುಂಟೆ
> ಕಾಲಂ 9: ಮಾಲೀಕರ ಹೆಸ್ರು ಅಲ್ಲಿದ್ದಂಗೇ, ಅವ್ರ ಹೆಸ್ರಿಗಿರೋ ವಿಸ್ತೀರ್ಣ, ಖಾತಾ ನಂಬರ್
> ಕಾಲಂ 10: ಎಂ.ಆರ್. ನಂಬರ್
> ಕಾಲಂ 11: ಸಾಲ, ಋಣ ಏನಿದ್ರೆ ಅದು, ಖಾಲಿ ಇದ್ರೆ "ಖಾಲಿ" ಅಂತ
> ಲಿಂಕ್: (ಕೊನೇಲಿ)

ಲಿಂಕ್ ಬೇಡ ಅಂತ ನಾನು ಹೇಳ್ತಿಲ್ಲ, ಎಲ್ಲಿ ನೋಡಿದ್ದು ಅಂತ ಗೊತ್ತಾಗೋಕೆ ಅದೂ ಇರ್ಲಿ, ಆದ್ರೆ ಅದೊಂದೇ ಹಾಕ್ಬೇಡಿ. ಹಿಸ್ಸಾ ನಂಬರ್ ಬಿಡೋದು ಎಲ್ಲರೂ ಮಾಡೋ ತಪ್ಪು, ಒಂದೇ ಸರ್ವೆ ನಂಬರಲ್ಲಿ ಅಣ್ಣಂದು ಒಂದು ಹಿಸ್ಸಾ ತಮ್ಮಂದು ಒಂದು ಹಿಸ್ಸಾ ಇರೋದು ನಮ್ ಕಡೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು, ಅದು ಬಿಟ್ರೆ ವಕೀಲರು ಬೇರೆಯವ್ರ ಪಹಣಿ ತೆಗೆದು ಕೂತಿರ್ತಾರೆ. ತಾರೀಕು ಯಾಕೆ ಅಂದ್ರೆ, ಮ್ಯುಟೇಷನ್ ಆದ್ಮೇಲೆ ಅದೇ ಸರ್ವೆ ನಂಬರಿಗೆ ಬೇರೆ ಹೆಸ್ರು ಬರುತ್ತೆ, ನೀವು ಯಾವಾಗ ನೋಡಿದ್ದು ಅಂತ ಇಲ್ದಿದ್ರೆ ಆಮೇಲೆ ಯಾವ್ದು ಹಳೇದು ಯಾವ್ದು ಹೊಸ್ದು ಅಂತ ಗೊಂದಲ. ಕಾಲಂ 11 ಖಾಲಿ ಇದ್ರೂ ಖಾಲಿ ಅಂತ ಬರೀರಿ, ಇಲ್ಲಾಂದ್ರೆ ನೀವು ಬರೆಯೋಕೆ ಮರ್ತಿದ್ದೋ ಇಲ್ಲ ನಿಜವಾಗ್ಲೂ ಸಾಲ ಇಲ್ವೋ ಅಂತ ಅವ್ರು ಮತ್ತೆ ಫೋನ್ ಮಾಡ್ಬೇಕು.

ಪಹಣಿ ಅನ್ನೋದು ಕಾಲಂ ಕಾಲಂ ಇರೋ ಪಟ್ಟಿ, ಅದನ್ನ ಹಂಗೇ ಸೆಲೆಕ್ಟ್ ಮಾಡಿ ವಾಟ್ಸಾಪಲ್ಲಿ ಪೇಸ್ಟ್ ಮಾಡಿದ್ರೆ ಗೆರೆಗಳೆಲ್ಲ ಮಾಯ ಆಗಿ ಹೆಸ್ರಿನ ಪಕ್ಕ ಖಾತಾ ನಂಬರ್, ಅದರ ಪಕ್ಕ ಗುಂಟೆ, ಎಲ್ಲಾ ಒಂದೇ ಸಾಲಲ್ಲಿ ಅಂಟ್ಕೊಂಡ್ಬಿಡುತ್ತೆ. "1 12 0 2 84" ಅಂತ ಬಂದ್ರೆ ಅದರಲ್ಲಿ ಎಕರೆ ಯಾವ್ದು ಖರಾಬು ಯಾವ್ದು ಅಂತ ಹೇಳೋಕಾಗಲ್ಲ. ಅದಕ್ಕೇ ಮೇಲೆ ಬರ್ದಂಗೆ ಒಂದೊಂದಕ್ಕೆ ಹೆಸ್ರು ಹಾಕಿ ಒಂದೊಂದು ಸಾಲು. ಅಕ್ಷರ ಸೆಲೆಕ್ಟೇ ಆಗ್ತಿಲ್ಲ ಅಂದ್ರೆ ನೋಡ್ಕೊಂಡು ಟೈಪ್ ಮಾಡೋದೇ, ಬೇರೆ ದಾರಿ ಹುಡುಕ್ತಾ ಕೂತ್ಕೊಳ್ಳೋದಕ್ಕಿಂತ ಅದೇ ಬೇಗ.

ಜೊತೆಗೆ ಪೇಜನ್ನೂ ಕಳ್ಸಿ. ಕ್ರೋಮ್‌ನಲ್ಲಿ ಮೂರು ಚುಕ್ಕಿ, ಶೇರ್, ಪ್ರಿಂಟ್, ಆಮೇಲೆ ಪ್ರಿಂಟರ್ ಜಾಗದಲ್ಲಿ `Save as PDF` ಆರಿಸಿದ್ರೆ ಫೈಲ್ ಆಗುತ್ತೆ. ಆ ಪಿಡಿಎಫ್ ಓಪನ್ ಮಾಡಿ ನೋಡ್ದೆ ಕಳ್ಸ್ಬೇಡಿ, ಅಗಲದ ಪಟ್ಟಿ ಆದ್ರೆ ಬಲಗಡೆ ಕಾಲಂ ಕತ್ತರ್ಸಿ ಹೋಗಿರುತ್ತೆ, ಆವಾಗ ಅಡ್ಡ ಪೇಜ್ ಆರಿಸಿ ಇನ್ನೊಂದ್ಸಲ ಮಾಡಿ. ಸ್ಕ್ರೀನ್‌ಶಾಟ್ ತೆಗೆಯೋರು ಸರ್ವೆ ನಂಬರ್ ಇರೋ ಮೇಲ್ಭಾಗನೂ ಬರೋ ತರ ತೆಗೀರಿ, ಮತ್ತೆ ಅದನ್ನ ಫೋಟೋ ಅಂತ ಕಳ್ಸ್ದೆ ಡಾಕ್ಯುಮೆಂಟ್ ಅಂತ ಕಳ್ಸಿ, ಫೋಟೋ ಅಂತ ಕಳ್ಸಿದ್ರೆ ವಾಟ್ಸಾಪ್ ಅದರ ಸೈಜ್ ಇಳಿಸಿ ಸಣ್ಣಕ್ಷರ ಮಸುಕು ಮಾಡುತ್ತೆ. ಇದೆಲ್ಲ ವಕೀಲರು ಓದಿ ಸಲಹೆ ಹೇಳೋಕೆ ಮಾತ್ರ ಅನ್ನೋದು ನೆನಪಿರ್ಲಿ, ಕೋರ್ಟಿಗೆ ಹಾಕೋಕೆ ಯಾವ ಪ್ರತಿ ಬೇಕು ಅಂತ ಅವ್ರನ್ನೇ ಕೇಳಿ ತೆಗೆಸ್ಕೊಳ್ಳಿ.

ಇನ್ನು ಆ `PÀ£ÀßqÀ`. ಅದು ಹಾಳಾಗಿರೋ ಫೈಲ್ ಅಲ್ಲ, ಅಲ್ಲಿರೋದು "ಕನ್ನಡ" ಅಂತಾನೇ. ನೋಟಿಸ್ ಟೈಪ್ ಮಾಡಿದವ್ರು ಹಳೇ ನುಡಿ ಫಾಂಟಲ್ಲಿ ಮಾಡಿದ್ದಾರೆ. ಆ ಫಾಂಟಲ್ಲಿ ಫೈಲ್ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಕನ್ನಡದ ಆಕಾರ ತೋರ್ಸೋದು ಫಾಂಟ್. `PÀ` ಅಂದ್ರೆ ಕ, `qÀ` ಅಂದ್ರೆ ಡ, ಹಿಂಗೆ. ಪಿಡಿಎಫ್ ಒಳಗೆ ಆ ಫಾಂಟ್ ಸೇರ್ಕೊಂಡಿರೋದ್ರಿಂದ ಅಲ್ಲಿ ಚೆನ್ನಾಗಿ ಕಾಣುತ್ತೆ, ಕಾಪಿ ಮಾಡಿದಾಗ ಫಾಂಟ್ ಜೊತೆಗೆ ಬರಲ್ಲ, ಒಳಗಿದ್ದ ಚಿಹ್ನೆ ಮಾತ್ರ ಬಂದು ಕೂರುತ್ತೆ. ಈಗಿನ ಫೋನು, ವಾಟ್ಸಾಪ್ ಎಲ್ಲಾ ಯುನಿಕೋಡ್ ಕನ್ನಡ ಬಳಸ್ತವೆ, ಅವಕ್ಕೆ ಆ ಹಳೇ ಲೆಕ್ಕ ಗೊತ್ತಿಲ್ಲ. ಹಂಗಾಗಿ ವಕೀಲರು ಕನ್ನಡ ಕೀಬೋರ್ಡ್ ಹಾಕ್ಕೊಂಡ್ರೂ ಫೋನ್ ಬದಲಾಯಿಸಿದ್ರೂ ಅದು ಓದೋಕೆ ಬರಲ್ಲ.

ನುಡಿಯಿಂದ ಯುನಿಕೋಡಿಗೆ ಬದಲಾಯಿಸೋ ಕನ್ವರ್ಟರ್‌ಗಳು ಫ್ರೀಯಾಗಿ ಸಿಗ್ತವೆ, ಕಾಪಿ ಮಾಡಿದ್ದನ್ನ ಅಲ್ಲಿ ಹಾಕಿ ಕನ್ನಡ ಮಾಡ್ಕೊಂಡು ಆಮೇಲೆ ವಾಟ್ಸಾಪಿಗೆ ಪೇಸ್ಟ್ ಮಾಡಿ. ಮಾಡಿದ್ಮೇಲೆ ಪಿಡಿಎಫ್ ಪಕ್ಕದಲ್ಲಿಟ್ಕೊಂಡು ಒತ್ತಕ್ಷರ, ಅರ್ಕಾವತ್ತು ಇರೋ ಕಡೆ ಎಲ್ಲಾ ಹೋಲಿಸಿ ನೋಡಿ, ತಪ್ಪು ಬರೋದು ಅಲ್ಲೇ ಜಾಸ್ತಿ, ಅದರಲ್ಲೂ ಊರ ಹೆಸ್ರು ಮತ್ತೆ ಜನರ ಹೆಸ್ರಲ್ಲಿ. ನೋಟಿಸ್ ಸ್ಕ್ಯಾನ್ ಮಾಡಿರೋದಾದ್ರೆ, ಅಂದ್ರೆ ಬೆರಳಿಟ್ರೆ ಅಕ್ಷರ ಸೆಲೆಕ್ಟ್ ಆಗ್ದೆ ಪೂರ್ತಿ ಪೇಜ್ ಒಂದು ಚಿತ್ರ ತರ ಇದ್ರೆ, ಕನ್ವರ್ಟರ್ ಏನೂ ಮಾಡಲ್ಲ. ಆವಾಗ ಪಿಡಿಎಫ್ ಫೈಲನ್ನೇ ಕಳ್ಸಿ, ಮೆಸೇಜಲ್ಲಿ ನೋಟಿಸ್ ನಂಬರ್, ತಾರೀಕು, ನಿಮಗೆ ಸಂಬಂಧಪಟ್ಟ ಪ್ಯಾರಾ ಎಷ್ಟನೇ ಪುಟದಲ್ಲಿದೆ ಅಂತ ಬರ್ದು, ಆ ಪ್ಯಾರಾ ಮಾತ್ರ ಟೈಪ್ ಮಾಡಿ ಹಾಕಿ.